ದೀಪಾವಳಿಯ ಬುಟ್ಟಿ: ಒಳಗೇನಿದೆ, ಹೇಗೆ ಬಳಸುವುದು

ಎಲ್ಲ ಸಹೋದ್ಯೋಗಿಗಳಿಗೆ, ಅವರ ಮನೆಯವರಿಗೆ,

ದೀಪಾವಳಿಯ ಹಾರ್ದಿಕ ಶುಭಾಶಯಗಳು.

ಪೀಣ್ಯದ ಕಾರ್ಖಾನೆ, ಹುಬ್ಬಳ್ಳಿಯ ಘಟಕ, ಮೈಸೂರಿನ ಗೋದಾಮು, ಈ ಮೂರೂ ಕಡೆಯ ಪ್ರತಿಯೊಬ್ಬರಿಗೂ ಈ ಸಲ ಒಂದೇ ಬುಟ್ಟಿ. ಮೆಷಿನ್ ಶಾಪಿನವರು, ಕಚೇರಿಯವರು, ಕ್ಯಾಂಟೀನಿನವರು, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗುತ್ತಿಗೆ ಮೇಲಿರುವವರು, ಕಂಪನಿ ಬಸ್ಸಿನ ಚಾಲಕರು ಎಲ್ಲರಿಗೂ ಅದೇ ವಸ್ತು, ಅದೇ ತೂಕ. ಹುದ್ದೆ ನೋಡಿ ದೊಡ್ಡದು ಚಿಕ್ಕದು ಮಾಡಿಲ್ಲ. ಇದು ಬೋನಸ್‌ನ ಭಾಗವಲ್ಲ. ಯಾರ ಸಂಬಳದಿಂದಲೂ ಇದಕ್ಕೆಂದು ಏನೂ ಹಿಡಿದಿಲ್ಲ.

ಮನೆಯ ಮೂಲೆಯಲ್ಲಿ ಕೂರುವ ವಸ್ತು ಬೇಡ, ಹಬ್ಬದ ಮೂರು ದಿನದಲ್ಲಿ ಕೈಗೆ ಬರುವ ವಸ್ತುಗಳೇ ಇರಲಿ ಎಂದು ಸಮಿತಿ ಮೊದಲೇ ತೀರ್ಮಾನಿಸಿತ್ತು. ದೇವರ ಪಟ, ಮೂರ್ತಿ ಇಟ್ಟಿಲ್ಲ. ಯಾವ ಮನೆಯಲ್ಲಿ ಯಾವ ಹಬ್ಬವಾದರೂ ಈ ಬುಟ್ಟಿ ಒಗ್ಗಬೇಕು.

ಮೊದಲು ಇದನ್ನು ಓದಿ

ಕರದಂಟಿನಲ್ಲಿ ಗೋಡಂಬಿ, ಬಾದಾಮಿ, ಒಣಕೊಬ್ಬರಿ, ಖಾದ್ಯ ಅಂಟು, ಬೆಲ್ಲ ಇವೆ. ಪೇಡೆಯಲ್ಲಿ ಹಾಲು, ಸಕ್ಕರೆ ಇವೆ. ಚಕ್ಕುಲಿಯಲ್ಲಿ ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು, ಬೆಣ್ಣೆ, ಎಳ್ಳು ಇವೆ. ಸೀಸೆಯಲ್ಲಿರುವುದೂ ಎಳ್ಳೆಣ್ಣೆಯೇ. ಬೀಜ, ಹಾಲು, ಎಳ್ಳು ಯಾವುದಾದರೂ ಮೈಗೆ ಆಗದವರು ಮನೆಯಲ್ಲಿದ್ದರೆ ಪೊಟ್ಟಣ ಒಡೆಯುವ ಮೊದಲೇ ಬೇರೆ ಇಡಿ. ಯಾವುದರಲ್ಲೂ ಮೊಟ್ಟೆ ಇಲ್ಲ.

ಸಕ್ಕರೆ ಕಾಯಿಲೆ ಇರುವವರು ಸಿಹಿಯ ಎರಡೂ ಪೊಟ್ಟಣಗಳನ್ನು ಒಡೆಯದೆ ಮರಳಿಸಿದರೆ ಅವುಗಳ ಬದಲಿಗೆ ಅರ್ಧ ಕಿಲೋ ಹುರಿದ ಶೇಂಗಾ ಕೊಡುತ್ತೇವೆ. ಕಾರಣ ಕೇಳುವುದಿಲ್ಲ.

ಮನೆಗೆ ಒಯ್ಯುವಾಗ

ಬುಟ್ಟಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಬೈಕಿನ ಹ್ಯಾಂಡಲ್‌ಗೆ ದಯವಿಟ್ಟು ನೇತುಹಾಕಬೇಡಿ. ತಿರುವಿನಲ್ಲಿ ಭಾರ ಒಂದೇ ಕಡೆ ಎಳೆಯುತ್ತದೆ, ಬುಟ್ಟಿ ಮುಂದಿನ ಚಕ್ರಕ್ಕೂ ತಾಗಬಹುದು. ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದು ಕಟ್ಟಿ. ಎಣ್ಣೆಯ ಸೀಸೆಯನ್ನು ಮಾತ್ರ ಹೊರಗೆ ತೆಗೆದು, ಬ್ಯಾಗಿನಲ್ಲಿ ನೆಟ್ಟಗೆ ನಿಲ್ಲಿಸಿಕೊಳ್ಳಿ. ಮುಚ್ಚಳ ಬಿಗಿಯಾಗಿದ್ದರೂ ಅಡ್ಡ ಮಲಗಿಸಿದರೆ ಎರಡು ಗಂಟೆಯ ಬಸ್ ಪ್ರಯಾಣದಲ್ಲಿ ಜಿನುಗುವುದುಂಟು. ಜಿನುಗಿದರೆ ಮೊದಲು ಕೆಡುವುದು ಕಾಫಿ ಪುಡಿ.

ಹಣತೆ, ಬತ್ತಿ, ಎಣ್ಣೆ

ಮಣ್ಣಿನ ಹಣತೆ 12, ಹತ್ತಿ ಬತ್ತಿ 50, ಎಳ್ಳೆಣ್ಣೆ 500 ಮಿಲಿಲೀಟರ್.

ಹೊಸ ಹಣತೆಗೆ ನೇರವಾಗಿ ಎಣ್ಣೆ ಸುರಿಯಬೇಡಿ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬತ್ತಿಗೆ ಸೇರಬೇಕಾದ ಎಣ್ಣೆಯನ್ನು ಹಣತೆಯೇ ಕುಡಿದುಬಿಡುತ್ತದೆ, ಅಡಿಯಿಂದ ಜಿನುಗಿ ನೆಲದ ಮೇಲೆ ಕಲೆ ಮಾಡುತ್ತದೆ. ಹಬ್ಬಕ್ಕೆ ಎರಡು ದಿನ ಮೊದಲು ಬಕೆಟ್ ನೀರಿನಲ್ಲಿ ಮೂರು ನಾಲ್ಕು ಗಂಟೆ ಮುಳುಗಿಸಿಡಿ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಅವು ಪೂರ್ತಿ ನಿಂತ ಮೇಲೆ ತೆಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಈ ಒಣಗಿಸುವುದರಲ್ಲಿ ಅವಸರ ಬೇಡ. ತೇವ ಉಳಿದರೆ ದೀಪ ಚಟಚಟ ಸಿಡಿಯುತ್ತದೆ, ಎಣ್ಣೆಯ ಹನಿ ಹಾರುತ್ತದೆ. ಒಣಗಿದ ಮೇಲೆ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ. ಠಣ್ ಎಂದರೆ ಸರಿ, ಸದ್ದು ಮಂಕಾಗಿದ್ದರೆ ಬಿರುಕಿರುತ್ತದೆ. ಬಿರುಕಿನದ್ದನ್ನು ದೀಪಕ್ಕೆ ಬಳಸದೆ ಕುಂಕುಮಕ್ಕೋ ಅರಿಶಿನಕ್ಕೋ ಇಟ್ಟುಕೊಳ್ಳಿ.

ಒಂದು ಹಣತೆಗೆ ಸುಮಾರು 12 ಮಿಲಿಲೀಟರ್ ಎಣ್ಣೆ ಸಾಕು, ಅಂದರೆ ಊಟದ ಚಮಚದಲ್ಲಿ ಒಂದು ಚಮಚಕ್ಕಿಂತ ತುಸು ಕಡಿಮೆ. ನರಕ ಚತುರ್ದಶಿ, ಅಮಾವಾಸ್ಯೆ, ಬಲಿಪಾಡ್ಯಮಿ ಮೂರೂ ಸಂಜೆ ಹನ್ನೆರಡೂ ಹಣತೆ ಹಚ್ಚಿದರೆ 430 ಮಿಲಿಲೀಟರ್ ಆಸುಪಾಸು ಖರ್ಚಾಗುತ್ತದೆ. ಉಳಿದದ್ದು ಎಣ್ಣೆ ಸ್ನಾನಕ್ಕೆ. ಅಂಚಿನವರೆಗೆ ತುಂಬಿಸಬೇಡಿ. ತುಂಬಿದರೆ ಬತ್ತಿ ತೇಲಿ ಪಕ್ಕಕ್ಕೆ ಜಾರುತ್ತದೆ, ಉರಿ ಅಂಚಿನ ಹೊರಗೆ ಹೋಗುತ್ತದೆ. ಬತ್ತಿಯನ್ನು ಪೂರ್ತಿ ಎಣ್ಣೆಯಲ್ಲಿ ಅದ್ದಿ, ತುದಿ ಅರ್ಧ ಸೆಂಟಿಮೀಟರ್ ಮಾತ್ರ ಹೊರಗಿರುವಂತೆ ಇಡಿ. ಇದಕ್ಕಿಂತ ಉದ್ದವಿದ್ದರೆ ಹೊಗೆ, ಗೋಡೆಗೆ ಮಸಿ. ಗಾಳಿ ಬೀಸುವ ಜಗಲಿಯಲ್ಲಿ ಎರಡು ಬತ್ತಿ ಸೇರಿಸಿ ಹೊಸೆದರೆ ಉರಿ ಗಟ್ಟಿಯಾಗಿ ನಿಲ್ಲುತ್ತದೆ, ಎಣ್ಣೆ ಮಾತ್ರ ಬೇಗ ಮುಗಿಯುತ್ತದೆ. ಬತ್ತಿ ಹೆಚ್ಚಿಗೆ ಕೊಟ್ಟಿರುವುದು ಅದಕ್ಕೇ.

ಪ್ರತಿ ಹಣತೆಯ ಕೆಳಗೆ ಒಂದು ತಟ್ಟೆಯೋ ಹಂಚಿನ ಚೂರೋ ಇರಲಿ. ಕಿಟಕಿಯ ಪರದೆಯಿಂದ ದೂರವಿಡಿ. ಸೀರೆಯ ಸೆರಗು, ದುಪಟ್ಟಾ ಬೇಗ ಹತ್ತಿಕೊಳ್ಳುತ್ತದೆ, ಹಚ್ಚುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಹೊರಗೆ ಹೋಗುವ ಮೊದಲು, ಮಲಗುವ ಮೊದಲು ದೀಪಗಳು ಆರಿವೆಯೇ ನೋಡಿ. ಎಣ್ಣೆಗೇ ಬೆಂಕಿ ಹತ್ತಿಕೊಂಡರೆ ನೀರು ಸುರಿಯಬೇಡಿ, ನೀರು ಬಿದ್ದರೆ ಎಣ್ಣೆ ಹರಡಿ ಉರಿಯುತ್ತದೆ. ಸ್ಟೀಲಿನ ಪಾತ್ರೆಯನ್ನು ಬೋರಲು ಹಾಕಿ ಮುಚ್ಚಿದರೆ ಗಾಳಿಯಿಲ್ಲದೆ ಆರುತ್ತದೆ.

ಹಬ್ಬ ಮುಗಿದ ಮೇಲೆ ಹಣತೆಗಳನ್ನು ಎಸೆಯಬೇಡಿ. ಬಿಸಿ ಸೋಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ ಒಣಗಿಸಿದರೆ ಮುಂದಿನ ವರ್ಷಕ್ಕೆ ಬರುತ್ತವೆ. ಒಮ್ಮೆ ಎಣ್ಣೆ ಕುಡಿದ ಹಣತೆ ಎರಡನೇ ವರ್ಷ ಕಡಿಮೆ ಎಣ್ಣೆ ಕೇಳುತ್ತದೆ, ಹೊಸದಕ್ಕಿಂತ ಚೆನ್ನಾಗಿಯೂ ಉರಿಯುತ್ತದೆ.

ಎಣ್ಣೆ ಸ್ನಾನಕ್ಕೆ

ಸೀಗೆಪುಡಿ 100 ಗ್ರಾಂ ಇದೆ. ಎಣ್ಣೆಯ ಬಟ್ಟಲನ್ನು ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ನೇರವಾಗಿ ಇಡಬೇಡಿ. ತಲೆಗೆ, ಮೈಗೆ ಹಚ್ಚಿ ಅರ್ಧ ಗಂಟೆ ಬಿಡಿ. ಸೀಗೆಪುಡಿಯನ್ನು ಬೆಚ್ಚಗಿನ ಗಂಜಿಯಲ್ಲಿ ಕಲಸಿದರೆ ಜಾರಿ ಬೀಳುವುದಿಲ್ಲ, ತಲೆಯಲ್ಲಿ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಳ್ಳಿ, ಮಕ್ಕಳ ಕಣ್ಣಿಗೆ ಬಿದ್ದರೆ ತಣ್ಣೀರಿನಲ್ಲಿ ತೊಳೆಯುತ್ತಲೇ ಇರಿ.

ಆ ದಿನ ಬಚ್ಚಲಿನ ನೆಲ ಜಾರುತ್ತದೆ, ಇದು ವಯಸ್ಸಾದವರಿಗೆ ನಿಜವಾದ ಅಪಾಯ. ಮೊದಲು ಅಜ್ಜ ಅಜ್ಜಿಯರ ಸ್ನಾನ ಆಗಲಿ. ಕಾಲಡಿಗೆ ಒಂದು ಗೋಣಿಚೀಲ ಹಾಸಿ. ಪ್ರತಿಯೊಬ್ಬರ ಸ್ನಾನದ ನಂತರವೂ ಸೋಪಿನ ಪುಡಿ ಚೆಲ್ಲಿ ಬಿಸಿ ನೀರಿನಿಂದ ತೊಳೆಯಿರಿ.

ಸಿಹಿ, ಖಾರ

ಧಾರವಾಡ ಪೇಡೆ 250 ಗ್ರಾಂ, ಗೋಕಾಕದ ಕರದಂಟು 250 ಗ್ರಾಂ, ಚಕ್ಕುಲಿ 200 ಗ್ರಾಂ.

ಮೊದಲು ಪೇಡೆ ಮುಗಿಸಿ. ಹಾಲಿನ ತಿಂಡಿ ಕಾಯುವುದಿಲ್ಲ. ಡಬ್ಬಿ ಒಡೆದ ಮೇಲೆ ನಾಲ್ಕೈದು ದಿನದೊಳಗೆ ತಿನ್ನಿ, ಒಡೆಯದಿದ್ದರೂ ಮೇಲೆ ಅಚ್ಚಾದ ದಿನಾಂಕ ದಾಟಬೇಡಿ. ಹುಳಿ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣಗಿನ ಪೇಡೆಯ ಮೇಲೆ ಗಾಳಿಯ ತೇವ ಕೂತು ಹೊರಗಿನ ಸಕ್ಕರೆ ಕರಗಿ ಅಂಟಂಟಾಗುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟು ಆಮೇಲೆ ತೆರೆಯಿರಿ.

ಕರದಂಟು ಹೆಚ್ಚು ದಿನ ಬಾಳುತ್ತದೆ, ಫ್ರಿಜ್ ಬೇಡವೇ ಬೇಡ. ಇಟ್ಟರೆ ಬೆಲ್ಲ ಕಲ್ಲಾಗುತ್ತದೆ. ಹಲ್ಲು ಸಡಿಲ ಇರುವವರಿಗೆ ಬೆರಳುಗುರಿನಷ್ಟು ಚೂರು ಮಾಡಿ ಕೊಡಿ. ತೀರಾ ಚಿಕ್ಕ ಮಕ್ಕಳಿಗೆ ಇಡೀ ಗೋಡಂಬಿ, ಬಾದಾಮಿ ಗಂಟಲಿಗೆ ಸಿಕ್ಕಬಹುದು, ಕೊಡಬೇಡಿ.

ಚಕ್ಕುಲಿ ಮೆತ್ತಗಾದರೆ ಎಸೆಯಬೇಕಿಲ್ಲ. ಒಣ ಕಾವಲಿಯಲ್ಲಿ ಸಣ್ಣ ಉರಿಯ ಮೇಲೆ ಮೂರು ನಾಲ್ಕು ನಿಮಿಷ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಿರುವಾಗಲೇ ಮುಚ್ಚಿದರೆ ಅದರ ಹಬೆಯೇ ಮತ್ತೆ ಮೆತ್ತಗೆ ಮಾಡುತ್ತದೆ.

ಕಾಫಿ ಪುಡಿ, 200 ಗ್ರಾಂ

ಚಿಕ್ಕಮಗಳೂರು ಕಡೆಯ ಬೀಜ. ನೂರಕ್ಕೆ 80 ಕಾಫಿ, 20 ಚಿಕೋರಿ. ಇಬ್ಬರಿಗೆ 20 ಗ್ರಾಂ ಪುಡಿ, ಅಂದರೆ ತುಂಬಿದ ಮೂರು ಚಮಚ. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಗೆ ಹಾಕಿ ಸಮ ಮಾಡಿ, ಕೊಡೆಯಂಥ ಬಿಲ್ಲೆಯನ್ನು ಹಗುರಾಗಿ ಇಡಿ. ಅದುಮಬೇಡಿ. ಕುದಿ ನಿಂತ ನೀರು ಸ್ವಲ್ಪ ಹಾಕಿ ಪುಡಿ ನೆನೆಯಲು ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯಿರಿ. ಒಟ್ಟು 150 ಮಿಲಿಲೀಟರ್ ಸಾಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಡಿಕಾಕ್ಷನ್ ಇಳಿಯುತ್ತದೆ.

ಇಳಿಯದಿದ್ದರೆ ಮೂರು ಕಾರಣ: ಪುಡಿ ಅದುಮಿದ್ದೀರಿ, ಫಿಲ್ಟರಿನ ತೂತುಗಳಲ್ಲಿ ಹಳೆಯ ಪುಡಿ ಕಟ್ಟಿದೆ, ಇಲ್ಲವೇ ಮೇಲಿನ ಪಾತ್ರೆ ಕೆಳಗಿನದರಲ್ಲಿ ಗಾಳಿಯಾಡದಷ್ಟು ಬಿಗಿಯಾಗಿದೆ. ಮೂರನೆಯದಾದರೆ ಮೇಲಿನದನ್ನು ಬಟ್ಟೆಯಿಂದ ಹಿಡಿದು ತುಸು ಎತ್ತಿ ಕೂರಿಸಿ. ಬೇಗನೆ ಇಳಿದು ನೀರಾಗಿದ್ದರೆ ಪುಡಿ ಕಡಿಮೆಯಾಗಿದೆ. ತಣಿದ ಡಿಕಾಕ್ಷನ್ ಕುದಿಸಿದರೆ ಕಹಿ ಏರುತ್ತದೆ, ಬಿಸಿ ಹಾಲನ್ನೇ ಅದಕ್ಕೆ ಸೇರಿಸಿ. ಪುಡಿಯ ಪೊಟ್ಟಣದಲ್ಲಿ ಒದ್ದೆ ಚಮಚ ಆಡಿಸಬೇಡಿ, ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೂರು ವಾರದಲ್ಲಿ ಮುಗಿಸಿ.

ಚನ್ನಪಟ್ಟಣದ ಆಟಿಕೆ

ಐದು ಉಂಗುರಗಳನ್ನು ಒಂದರ ಮೇಲೊಂದು ಜೋಡಿಸುವ ಗೋಪುರ. ಹಗುರಾದ ಆಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಮ್ಮ ಲೇತ್ ವಿಭಾಗದವರಿಗೆ ಈ ಕೈಚಳಕ ಏನೆಂದು ಬೇರೆ ಹೇಳಬೇಕಿಲ್ಲ. ಶಾಖದಿಂದ ಬಂದ ಹೊಳಪು ಶಾಖದಿಂದಲೇ ಕೆಡುತ್ತದೆ, ಆದ್ದರಿಂದ ಹಣತೆಯ ಪಕ್ಕ ಅಲಂಕಾರಕ್ಕೆ ಇಡಬೇಡಿ, ಬಿಸಿ ನೀರಿನಲ್ಲಿ ತೊಳೆಯಬೇಡಿ. ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಮನೆಯಲ್ಲಿ ಮಕ್ಕಳಿಲ್ಲದವರು ನೆರೆಮನೆಯ ಮಗುವಿಗೆ ಕೊಡಿ.

ಬುಟ್ಟಿ

ಮೇದರು ಕೈಯಲ್ಲಿ ಹೆಣೆದ ಬಿದಿರಿನ ಬುಟ್ಟಿ. ಈರುಳ್ಳಿ, ಬೆಳ್ಳುಳ್ಳಿ ಇಡಲು ಇದಕ್ಕಿಂತ ಒಳ್ಳೆಯದಿಲ್ಲ, ಗಾಳಿಯಾಡುತ್ತದೆ. ಬಿದಿರಿನೊಳಗಿನ ಪಿಷ್ಟಕ್ಕೆ ಕೊರೆಯುವ ಹುಳು ಬರುತ್ತದೆ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದು ಕಂಡರೆ ಎರಡು ದಿನ ಕಡು ಬಿಸಿಲಿಗೆ ಇಡಿ. ನೀರು ತಗುಲಿದರೆ ಒಣಗಿಸಿಯೇ ಒಳಗಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಏನಾದರೂ ಒಡೆದಿದ್ದರೆ, ಕಡಿಮೆ ಬಂದಿದ್ದರೆ

ಬುಟ್ಟಿ ಪಡೆದ ಏಳು ದಿನದೊಳಗೆ ನಿಮ್ಮ ಘಟಕದ ಸ್ಟೋರಿಗೆ ತಿಳಿಸಿ, ಪೀಣ್ಯದಲ್ಲಿ ಒಳ ಫೋನ್ 214. ಒಡೆದ ವಸ್ತು ತರಬೇಕಿಲ್ಲ, ಫೋಟೋ ಸಾಕು. ಗಾಜಿನ ಚೂರು ಸೇರಿದ ತಿಂಡಿಯನ್ನು ಯಾವ ಕಾರಣಕ್ಕೂ ಆರಿಸಿ ತಿನ್ನಬೇಡಿ, ಇಡೀ ಪೊಟ್ಟಣವನ್ನೇ ಬದಲಿಸಿ ಕೊಡುತ್ತೇವೆ. ಮೂರನೇ ಪಾಳಿಯವರು ಬೆಳಿಗ್ಗೆ ಆರರಿಂದ ಏಳರವರೆಗೆ ಗೇಟಿನ ಪಕ್ಕದ ಕೊಠಡಿಯಲ್ಲಿ ಬುಟ್ಟಿ ಪಡೆಯಬಹುದು. ಹೆರಿಗೆ ರಜೆಯಲ್ಲಿ, ಕಾಯಿಲೆ ರಜೆಯಲ್ಲಿ ಇರುವವರ ಮನೆಗೆ ನಾವೇ ಕಳಿಸುತ್ತೇವೆ. ಹಬ್ಬಕ್ಕೆ ಮೊದಲೇ ಊರಿಗೆ ಹೊರಟವರ ಬುಟ್ಟಿ ಸ್ಟೋರಿನಲ್ಲಿ ಇರುತ್ತದೆ, ಅದರಲ್ಲಿ ಪೇಡೆಯನ್ನು ಮಾತ್ರ ಮೊದಲೇ ಇಡುವುದಿಲ್ಲ. ನೀವು ಮರಳಿ ಬಂದ ವಾರ ತಾಜಾ ಪೇಡೆ ತರಿಸಿ ಸೇರಿಸುತ್ತೇವೆ.

ಇಂತಿ,
ಹಬ್ಬದ ಸಮಿತಿ ಮತ್ತು ಆಡಳಿತ ಮಂಡಳಿ