ತಿಂಗಳಿಗೆ 600 ರೂಪಾಯಿ: 20,000ದ ಟ್ರೇಡಿಂಗ್ ಖಾತೆಗೆ ಒಂದು ಪುಟದ ನಿಯಮಾವಳಿ

ಖಾತೆ: ಧಾರವಾಡದ ಬಿ.ಕಾಂ. ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿಯದು. ಬಂಡವಾಳ 20,000 ರೂಪಾಯಿ, ಟ್ಯೂಷನ್ ಹೇಳಿ ಉಳಿಸಿದ ಹಣ. ತರಗತಿ ಬೆಳಿಗ್ಗೆ 9:30ರಿಂದ ಮಧ್ಯಾಹ್ನ 3ರವರೆಗೆ. ಮಾರುಕಟ್ಟೆ 9:15ರಿಂದ 3:30. ಎರಡೂ ಒಂದೇ ಹೊತ್ತಿಗೆ ನಡೆಯುವುದರಿಂದ ಇಲ್ಲಿ ಅದೇ ದಿನ ಕೊಂಡು ಮಾರುವ ಇಂಟ್ರಾಡೇ ಇಲ್ಲ. ಡೆಲಿವರಿ ಮಾತ್ರ, ಕೆಲವು ದಿನಗಳಿಂದ ಕೆಲವು ವಾರಗಳವರೆಗೆ.

ಮಿತಿ

ಒಂದು ತಿಂಗಳಲ್ಲಿ ಹೆಚ್ಚೆಂದರೆ 600 ರೂಪಾಯಿ ನಷ್ಟ, ಅಂದರೆ ಬಂಡವಾಳದ ಶೇ. 3. ಒಂದು ಟ್ರೇಡ್‌ನಲ್ಲಿ ಹೆಚ್ಚೆಂದರೆ 150, ಖರ್ಚೂ ಸೇರಿ.

ಮಿತಿ ಮುರಿಯುವುದು ಸಾಮಾನ್ಯವಾಗಿ ಲೆಕ್ಕ ಹಾಕುವ ರೀತಿಯಲ್ಲೇ. ಮಾರಿ ಆದ ನಷ್ಟವನ್ನಷ್ಟೇ ಎಣಿಸಿದರೆ ಕೈಯಲ್ಲಿರುವ ಷೇರುಗಳ ಅಪಾಯ ಲೆಕ್ಕದಿಂದ ಹೊರಗುಳಿಯುತ್ತದೆ. ಆದ್ದರಿಂದ ಪ್ರತಿ ಹೊಸ ಆರ್ಡರ್‌ಗೆ ಮುಂಚೆ ಮೂರನ್ನು ಕೂಡಿಸಬೇಕು: ಈ ತಿಂಗಳು ಆಗಲೇ ಆದ ನಷ್ಟ, ಕೈಯಲ್ಲಿರುವ ಷೇರುಗಳು ನಷ್ಟ ಒಪ್ಪಿ ಮಾರುವ ಬೆಲೆಯಾದ ಸ್ಟಾಪ್‌ಲಾಸ್ ಮುಟ್ಟಿದರೆ ಆಗುವ ನಷ್ಟ, ಹೊಸ ಟ್ರೇಡ್‌ನ ನಷ್ಟ. ಮೊತ್ತ 450 ದಾಟಿದರೆ ಆರ್ಡರ್ ಇಲ್ಲ. ಉಳಿದ 150, ಷೇರು ಹಿಂದಿನ ದಿನದ ಬೆಲೆಗಿಂತ ತೀರಾ ಕೆಳಗೆ ತೆರೆಯುವ ಗ್ಯಾಪ್‌ಡೌನ್‌ಗೆ ಮೀಸಲು. ಅದನ್ನು ಟ್ರೇಡ್‌ಗೆ ಮುಟ್ಟುವಂತಿಲ್ಲ.

ತಿಂಗಳ ನಡುವೆ ಲಾಭ ಬಂದರೂ ಮಿತಿ ಏರುವುದಿಲ್ಲ. ಬಳಸದೆ ಉಳಿದ ಮಿತಿ ಮುಂದಿನ ತಿಂಗಳಿಗೆ ಹೋಗುವುದಿಲ್ಲ. 600 ಮೀರಿ ಹೋದರೆ ಮೀರಿದಷ್ಟು ಮುಂದಿನ ತಿಂಗಳ ಮಿತಿಯಲ್ಲಿ ಕಡಿತ. ನಷ್ಟ ಮಾರಿದ ತಿಂಗಳ ಲೆಕ್ಕಕ್ಕೆ ಬರುತ್ತದೆ. ಕೈಯಲ್ಲಿ ಉಳಿದ ಷೇರಿನ ಅಪಾಯ 1ನೇ ತಾರೀಖಿನಿಂದ ಹೊಸ ತಿಂಗಳಿಗೆ ಸೇರುತ್ತದೆ.

ಎಷ್ಟು ಷೇರು

ಮೊದಲು ಸ್ಟಾಪ್‌ಲಾಸ್, ಆಮೇಲೆ ಸಂಖ್ಯೆ. "ಹತ್ತು ತಗೊಳ್ಳೋಣ" ಎಂದು ಶುರು ಮಾಡುವಂತಿಲ್ಲ. ಶೀಟ್‌ನಲ್ಲಿ B2 ಕೊಳ್ಳುವ ಬೆಲೆ, C2 ಸ್ಟಾಪ್‌ಲಾಸ್:

```
=ROUNDDOWN((150-25)/(B2-C2),0)
```

25 ರೂಪಾಯಿ ಖರ್ಚಿಗೆ. ಉದಾಹರಣೆಗೆ 212ಕ್ಕೆ ಕೊಳ್ಳುವುದು, 204ಕ್ಕೆ ಸ್ಟಾಪ್‌ಲಾಸ್. ವ್ಯತ್ಯಾಸ 8, ಷೇರು 15, ಹಾಕುವ ಹಣ 3,180. ಸ್ಟಾಪ್‌ಲಾಸ್ ಹೊಡೆದರೆ ಬೆಲೆಯಲ್ಲಿ 120 ಹೋಗುತ್ತದೆ. ಷೇರು ವಹಿವಾಟಿನ ತೆರಿಗೆ ಎಸ್‌ಟಿಟಿ ಕೊಳ್ಳುವಾಗಲೂ ಮಾರುವಾಗಲೂ ಶೇ. 0.1, ಎರಡೂ ಸೇರಿ ಸುಮಾರು 6 ರೂಪಾಯಿ. ಸ್ಟ್ಯಾಂಪ್ ಡ್ಯೂಟಿ, ಎಕ್ಸ್‌ಚೇಂಜ್ ಶುಲ್ಕ ಒಂದು ರೂಪಾಯಿಯೊಳಗೆ. ಮಾರಿದ ದಿನ ಡಿಮ್ಯಾಟ್ ಖಾತೆಯಿಂದ ಷೇರು ಹೊರಹೋಗುವುದಕ್ಕೆ ಹಾಕುವ ಡಿಪಿ ಚಾರ್ಜ್ ಜಿಎಸ್‌ಟಿ ಸೇರಿ ಸುಮಾರು 16. ಈ ಬ್ರೋಕರ್ ಡೆಲಿವರಿಗೆ ಬ್ರೋಕರೇಜ್ ಹಾಕುವುದಿಲ್ಲ. ಒಟ್ಟು ನಷ್ಟ ಸುಮಾರು 143.

ಡಿಪಿ ಚಾರ್ಜ್ ಒಂದು ಷೇರು ಮಾರಿದರೂ ಅಷ್ಟೇ, ನೂರು ಮಾರಿದರೂ ಅಷ್ಟೇ. 1,000 ರೂಪಾಯಿಯ ಟ್ರೇಡ್‌ಗೆ 16 ಎಂದರೆ ಶೇ. 1.6 ಅಲ್ಲೇ ಕರಗಿತು. ಅದಕ್ಕೇ ಸ್ಟಾಪ್‌ಲಾಸ್ ಶೇ. 5ಕ್ಕಿಂತ ದೂರ ಬೇಡ. ಆಗ ಟ್ರೇಡ್ 2,500ರ ಆಸುಪಾಸಿಗಿಂತ ಚಿಕ್ಕದಾಗುವುದಿಲ್ಲ. ಶೇ. 3ಕ್ಕಿಂತ ಹತ್ತಿರವೂ ಬೇಡ: ದಿನದ ಸಾಮಾನ್ಯ ಏರಿಳಿತವೇ ಹೊರಗೆ ತಳ್ಳುತ್ತದೆ, ಷೇರಿನ ಸಂಖ್ಯೆ ಹೆಚ್ಚಿದಷ್ಟೂ ಗ್ಯಾಪ್‌ಡೌನ್ ಪೆಟ್ಟು ದೊಡ್ಡದಾಗುತ್ತದೆ. ಒಂದೇ ಷೇರನ್ನು ಎರಡು ದಿನಗಳಲ್ಲಿ ತುಂಡು ತುಂಡಾಗಿ ಮಾರಿದರೆ ಡಿಪಿ ಚಾರ್ಜ್ ಎರಡು ಸಲ. ಒಂದೇ ಸಲ ಮಾರಿ.

ಗುರಿ ಕನಿಷ್ಠ ವ್ಯತ್ಯಾಸದ ಎರಡರಷ್ಟು. ಮೇಲಿನ ಉದಾಹರಣೆಯಲ್ಲಿ 228. ಖರ್ಚು ಕಳೆದು ಕೈಗೆ ಬರುವುದು 217. ಕಾಗದದ ಮೇಲೆ 2:1 ಅನ್ನುವುದು ಚಿಕ್ಕ ಖಾತೆಯಲ್ಲಿ 1.5:1 ಆಗುತ್ತದೆ. ಐದರಲ್ಲಿ ಎರಡು ಗೆದ್ದರೆ (434 ಬಂದು 429 ಹೋಗಿ) ಅಸಲು ಉಳಿಯುತ್ತದೆ. ಗುರಿ ಅದಕ್ಕಿಂತ ಹತ್ತಿರವಿದ್ದರೆ ಆ ಟ್ರೇಡ್ ಬಿಡಿ.

ಯಾವ ಷೇರು

ನಿಫ್ಟಿ 200ರಲ್ಲಿರುವ, 100ರಿಂದ 500 ರೂಪಾಯಿ ನಡುವಿನ ಷೇರು ಮಾತ್ರ. ಎಕ್ಸ್‌ಚೇಂಜ್ ವಿಶೇಷ ನಿಗಾದಲ್ಲಿಟ್ಟ ಎಎಸ್‌ಎಂ, ಜಿಎಸ್‌ಎಂ ಗುರುತು ಇದ್ದದ್ದು, ಡೆಲಿವರಿ ಕಡ್ಡಾಯವಾದ ಬಿಇ ಸೀರೀಸ್‌ನದು ಬೇಡ. ತ್ರೈಮಾಸಿಕ ಫಲಿತಾಂಶಕ್ಕೆ ಐದು ವಹಿವಾಟು ದಿನದೊಳಗಿದ್ದರೆ ಕೊಳ್ಳಬೇಡಿ; ಕೈಯಲ್ಲಿದ್ದರೆ ಹಿಂದಿನ ದಿನ ಮಾರಿ. ಏಕಕಾಲಕ್ಕೆ ಎರಡೇ ಷೇರು, ಅವು ಬೇರೆ ಬೇರೆ ವಲಯದವು. ಎರಡು ಬ್ಯಾಂಕ್ ಷೇರು ಇಟ್ಟುಕೊಂಡರೆ ಬಡ್ಡಿ ದರದ ಒಂದು ಸುದ್ದಿಗೆ ಎರಡೂ ಒಟ್ಟಿಗೆ ಬೀಳುತ್ತವೆ.

ಟೆಲಿಗ್ರಾಂ, ವಾಟ್ಸ್ಆ್ಯಪ್ ಟಿಪ್ಸ್ ಮೇಲೆ ಆರ್ಡರ್ ಇಲ್ಲ.

ಆರ್ಡರ್ ಹಾಕುವ ಕ್ರಮ

ನೋಡುವುದು ಹಿಂದಿನ ರಾತ್ರಿ. ಹೆಸರು, ಬೆಲೆ, ಸ್ಟಾಪ್‌ಲಾಸ್, ಗುರಿ, ಸಂಖ್ಯೆ, ಒಂದು ಸಾಲಿನ ಕಾರಣ ನೋಟ್‌ಬುಕ್ಕಿನಲ್ಲಿ ಬರೆದ ಮೇಲೆಯೇ ಆರ್ಡರ್. ಕೊಳ್ಳುವುದು ಬೆಲೆ ನಿಗದಿ ಮಾಡಿದ ಲಿಮಿಟ್ ಆರ್ಡರ್‌ನಲ್ಲಿ, ಪ್ರಾಡಕ್ಟ್ ಡೆಲಿವರಿಯ ಸಿಎನ್‌ಸಿ. ಬೆಲೆ ಮೇಲೆ ಓಡಿಹೋದರೆ ಬೆನ್ನಟ್ಟಬೇಡಿ.

ಆರ್ಡರ್ ಆದ ಕೂಡಲೇ, ಹೇಳಿದ ಬೆಲೆ ಬಂದಾಗ ತಾನಾಗಿ ಹೋಗುವ, ದಿನ ಕಳೆದರೂ ಉಳಿಯುವ ಜಿಟಿಟಿ ಹಾಕಬೇಕು, ಸ್ಟಾಪ್‌ಲಾಸ್ ಮತ್ತು ಗುರಿ ಎರಡೂ ಇದ್ದು ಒಂದು ಆದರೆ ಇನ್ನೊಂದು ರದ್ದಾಗುವ ಒಸಿಒ. ಸಾಮಾನ್ಯ ಸ್ಟಾಪ್‌ಲಾಸ್ ಆರ್ಡರ್ ಆ ದಿನಕ್ಕಷ್ಟೇ. 3:30ಕ್ಕೆ ರದ್ದಾಗುತ್ತದೆ, ಮರುದಿನ ಷೇರಿಗೆ ಕಾವಲೇ ಇರುವುದಿಲ್ಲ. ಜಿಟಿಟಿ ಕೈಕೊಡುವ ಜಾಗಗಳಿವು:

ಆರ್ಡರ್ ಹೊರಡುವ ಬೆಲೆಯಾದ ಟ್ರಿಗರ್ 204, ಮಾರಾಟದ ಕನಿಷ್ಠ ಬೆಲೆಯಾದ ಲಿಮಿಟ್ 203.50 ಎಂದು ಹಾಕಿದರೆ, ಷೇರು 200ಕ್ಕೆ ತೆರೆದಾಗ ಆರ್ಡರ್ ಹೋಗುತ್ತದೆ, ಮಾರಾಟ ಆಗುವುದಿಲ್ಲ. ಲಿಮಿಟ್ ಅನ್ನು ಟ್ರಿಗರ್‌ಗಿಂತ ಶೇ. 3 ಕೆಳಗೆ, ಇಲ್ಲಿ 198ಕ್ಕೆ, ಇಡಿ. ಅದಕ್ಕೂ ಕೆಳಗೆ ತೆರೆದರೆ ಆ ದಿನದ ಮೊದಲ ಬಿಡುವಿನಲ್ಲೇ ಕೈಯಿಂದ ಮಾರಬೇಕು. 196ಕ್ಕೆ ಮಾರಿದರೆ ನಷ್ಟ 263. ಮೀಸಲು 150 ಇರುವುದೇ ಇದಕ್ಕೆ. "ಸ್ವಲ್ಪ ಮೇಲೆ ಬರಲಿ" ಎಂದು ಕಾಯುವಂತಿಲ್ಲ.

ಮಾರಿದ ಷೇರನ್ನು ಡಿಮ್ಯಾಟ್‌ನಿಂದ ತೆಗೆಯಲು ಬ್ರೋಕರ್‌ಗೆ ಕೊಡುವ ಕಾಯಂ ಅನುಮತಿ ಡಿಡಿಪಿಐ ಕೊಟ್ಟಿರದಿದ್ದರೆ, ಪಿನ್ ಹಾಕಿ ಕೊಡುವ ಟಿಪಿನ್ ಅನುಮತಿಯೂ ಇಲ್ಲದಿದ್ದರೆ, ಟ್ರಿಗರ್ ಆದರೂ ಮಾರಾಟದ ಆರ್ಡರ್ ತಿರಸ್ಕಾರವಾಗುತ್ತದೆ. ಡಿಡಿಪಿಐ ಆಗುವವರೆಗೆ ಮೊದಲ ಟ್ರೇಡ್ ಬೇಡ. ಬೋನಸ್, ಸ್ಪ್ಲಿಟ್ ಬಂದರೆ ಜಿಟಿಟಿಯನ್ನು ಹೊಸ ಬೆಲೆಗೆ ಹೊಸದಾಗಿ ಹಾಕಿ.

ಸ್ಟಾಪ್‌ಲಾಸ್ ಮೇಲಕ್ಕೆ ಸರಿಸಬಹುದು, ಕೆಳಕ್ಕೆ ಎಂದಿಗೂ ಇಲ್ಲ. ಕೊಂಡ ಬೆಲೆಗೆ ತಂದರೆ ಆ ಷೇರಿನ ಅಪಾಯ 25ಕ್ಕೆ ಇಳಿದು ಲೆಕ್ಕದಲ್ಲಿ ಜಾಗ ಆಗುತ್ತದೆ. ಬಿದ್ದ ಷೇರಿಗೆ ಇನ್ನಷ್ಟು ಸೇರಿಸಿ ಸರಾಸರಿ ಇಳಿಸುವುದು ಇಲ್ಲ.

ಮುಚ್ಚಿಡಬೇಕಾದ ಬಾಗಿಲುಗಳು

ಫ್ಯೂಚರ್ಸ್, ಆಪ್ಷನ್ಸ್‌ನ ಎಫ್ ಆ್ಯಂಡ್ ಒ ಸೆಗ್ಮೆಂಟ್ ಖಾತೆಯಲ್ಲೇ ಆಫ್. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇದರಲ್ಲಿ ಇಳಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡರು. 600 ರೂಪಾಯಿ ಮಿತಿಯನ್ನು ಆಪ್ಷನ್ ಒಂದೇ ನಿಮಿಷದಲ್ಲಿ ನುಂಗಬಲ್ಲದು.

ಬ್ರೋಕರ್‌ನ ಸಾಲದಲ್ಲಿ ಷೇರು ಕೊಳ್ಳುವ ಎಂಟಿಎಫ್ ಬೇಡ. ಲೋನ್ ಆ್ಯಪ್ ಬೇಡ. ಹಾಸ್ಟೆಲ್ ಫೀಸು, ಸ್ಕಾಲರ್‌ಶಿಪ್, ಗೆಳೆಯರ ಹಣ ಬೇಡ. ಗೆಳೆಯರಿಗಾಗಿ ಈ ಖಾತೆಯಲ್ಲಿ ಟ್ರೇಡ್ ಮಾಡುವುದೂ ಇಲ್ಲ. ತಿಂಗಳ ನಡುವೆ ಖಾತೆಗೆ ಹಣ ಹಾಕುವಂತಿಲ್ಲ. ಪರೀಕ್ಷೆಗೆ ಎರಡು ವಾರ ಮುಂಚಿನಿಂದ ಮುಗಿಯುವವರೆಗೆ ಹೊಸ ಟ್ರೇಡ್ ಇಲ್ಲ.

ಮಿತಿ ಮುಟ್ಟಿದಾಗ

ಆದ ನಷ್ಟವೇ 450 ತಲುಪಿದರೆ 1ನೇ ತಾರೀಖಿನವರೆಗೆ ಹೊಸ ಟ್ರೇಡ್ ಬಂದ್. ಕೈಯಲ್ಲಿ ಷೇರಿದ್ದರೆ ಅದರ ಜಿಟಿಟಿ ಹಾಗೇ ಇರಲಿ. 600 ತಲುಪಿದರೆ ಇರುವುದನ್ನೂ ಮಾರಿ, ಫೋನ್‌ನಿಂದ ಆ್ಯಪ್ ತೆಗೆದು, ಅಕ್ಕನಿಗೆ ಅದೇ ಸಂಜೆ ಮೆಸೇಜ್ ಕಳಿಸಬೇಕು. ಈ ಹಾಳೆಯ ಇನ್ನೊಂದು ಪ್ರತಿ ಅಕ್ಕನ ಬಳಿ ಇದೆ. ಸತತ ಎರಡು ತಿಂಗಳು ಬಂದ್ ಆದರೆ ಮೂರನೇ ತಿಂಗಳು ನೋಟ್‌ಬುಕ್ಕಿನ ಮೇಲಷ್ಟೇ ಟ್ರೇಡ್. ಖಾತೆ 18,000ಕ್ಕೆ ಇಳಿದರೆ ಆ ಸೆಮಿಸ್ಟರ್ ಪೂರ್ತಿ ನಿಲ್ಲಿಸಿ.

ನಿಯಮ ಬದಲಿಸುವುದು ಶನಿವಾರ, ಭಾನುವಾರ ಮಾತ್ರ, ಕೈಯಲ್ಲಿ ಯಾವ ಷೇರೂ ಇಲ್ಲದಿದ್ದಾಗ.

ದಾಖಲೆ

ಅದೇ ರಾತ್ರಿ ಇಮೇಲ್‌ಗೆ ಬರುವ ಕಾಂಟ್ರಾಕ್ಟ್ ನೋಟ್‌ನ ಖರ್ಚನ್ನು ನೋಟ್‌ಬುಕ್ಕಿಗೆ ಇಳಿಸಿ. ಡಿಪಿ ಚಾರ್ಜ್ ಅದರಲ್ಲಿ ಇರುವುದಿಲ್ಲ, ಲೆಡ್ಜರ್‌ನಲ್ಲಿ ನೋಡಿ ಸೇರಿಸಬೇಕು. ವರ್ಷದ ಕೊನೆಗೆ ನಷ್ಟವಿದ್ದರೂ ರಿಟರ್ನ್ ಗಡುವಿನೊಳಗೆ ಸಲ್ಲಿಸಿ. ಆಗಲೇ ಅಲ್ಪಾವಧಿ ನಷ್ಟವನ್ನು ಮುಂದಿನ 8 ವರ್ಷಗಳ ಲಾಭದಲ್ಲಿ ಕಳೆಯಲು ಬರುತ್ತದೆ.