ಪಾಠ ವೀಕ್ಷಣಾ ವರದಿ: 6ನೇ ತರಗತಿ, ವಿಜ್ಞಾನ

ಕುಮಟಾ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಪಾಠ: ಉಪ್ಪುನೀರಿನಿಂದ ಉಪ್ಪು ಬೇರ್ಪಡಿಸುವುದು. ಅವಧಿ: 40 ನಿಮಿಷ.

ಮೆಚ್ಚಿದ ಅಂಶ: ಸಾಣಿಕಟ್ಟಾದ ಉಪ್ಪಿನ ಆಗರದಿಂದಲೇ ಪಾಠ ಆರಂಭಿಸಿದ್ದು ಬಹಳ ಸೊಗಸಾಗಿತ್ತು. ಆಗರದಲ್ಲಿ ದುಡಿಯುವವರ ಮನೆಯ ಹುಡುಗಿ ಗದ್ದೆಗೆ ನೀರು ಬಿಡುವ ಕ್ರಮ ಹೇಳುವಾಗ ಶಿಕ್ಷಕಿ ನಡುವೆ ಬಾಯಿ ಹಾಕಲಿಲ್ಲ. ಇಡೀ ತರಗತಿ ಅವಳತ್ತ ತಿರುಗಿ ಕೂತಿತು.

ಕಾಳಜಿ: ಪ್ರಶ್ನೆಗಳೆಲ್ಲ ಮುಂದಿನ ಸಾಲಿಗೇ ಹೋದವು. "ಮಳೆಗಾಲದಲ್ಲಿ ಉಪ್ಪು ಯಾಕೆ ಮಾಡೂದಿಲ್ಲ ಟೀಚರ್?" ಎಂದು ಹಿಂದಿನ ಹುಡುಗ ಕೇಳಿದ. "ಆಮೇಲೆ ಹೇಳ್ತೆ" ಎಂದದ್ದು ಹಾಗೇ ಉಳಿಯಿತು. ಬಿಸಿಲು, ಗಾಳಿಯ ತೇವಾಂಶ ವಿವರಿಸಲು ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಪ್ರಯೋಗವನ್ನೂ ಶಿಕ್ಷಕಿಯೇ ಮಾಡಿದರು.

ಗುರಿ: ಎರಡು ವಾರದೊಳಗೆ ತಟ್ಟೆಯ ಉಪ್ಪುನೀರನ್ನು ಬಿಸಿಲಿಗಿಡುವ ಪ್ರಯೋಗವನ್ನು ಗುಂಪುಗಳಿಂದ ಮಾಡಿಸಬೇಕು. ಪ್ರಶ್ನೆ ಕೇಳಿ ಕನಿಷ್ಠ 3 ಸೆಕೆಂಡ್ ಕಾಯಬೇಕು. ಆ ಹುಡುಗನ ಪ್ರಶ್ನೆಯಿಂದಲೇ ಮುಂದಿನ ಪಾಠ ಶುರುವಾಗಲಿ.