ವಿಷಯ: ಟೆಕ್ನಿಕಲ್ ಸಪೋರ್ಟ್ ಹುದ್ದೆ, ಹುಬ್ಬಳ್ಳಿ – ಶಿಫ್ಟ್, ನೈಟ್ ಸರದಿ, ಹಾಜರಾತಿ ಬಗ್ಗೆ

ನಮಸ್ಕಾರ ಸರ್,

ಸಂದರ್ಶನದ ನಂತರ ಫೋನಿನಲ್ಲಿ “ರೊಟೇಷನಲ್ ಶಿಫ್ಟ್, ವಾರಕ್ಕೆ ಮೂರು ದಿನ ಆಫೀಸು” ಎಂದಿದ್ದಿರಿ. ಕೆಲಸ ನನಗೆ ಇಷ್ಟವಾಗಿದೆ. ಆದರೆ ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ದಿನಾ ಓಡಾಡುವ ದಾರಿಯಲ್ಲ. ಪಿಜಿ ಹಿಡಿಯಬೇಕೋ ಬೇಡವೋ ಎಂಬುದು ಈ ಉತ್ತರಗಳ ಮೇಲಿದೆ.

ಗ್ರಾಹಕರು ಅಮೆರಿಕದ ಪೂರ್ವ ಭಾಗದವರು ಎಂದಿರಿ. ಅಲ್ಲಿನ ಬೆಳಿಗ್ಗೆ 9ರಿಂದ ಸಂಜೆ 6 ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30ರಿಂದ ನಸುಕಿನ 3.30, ನವೆಂಬರ್ ಮೊದಲ ಭಾನುವಾರ ಅವರ ಗಡಿಯಾರ ಹಿಂದೆ ಹೋದಮೇಲೆ ಸಂಜೆ 7.30ರಿಂದ 4.30. ನಮ್ಮ ಶಿಫ್ಟೂ ಹಾಗೇ ಸರಿಯುತ್ತದೆಯೇ? ಒಂಬತ್ತು ಗಂಟೆಯಲ್ಲಿ ಊಟದ ಬಿಡುವು ಸೇರಿದೆಯೇ? ಸಿಸ್ಟಮ್ ತೆರೆದು ಕ್ಯೂಗೆ ಸಿದ್ಧವಾಗಲು ಬೇಕಾಗುವ ಹದಿನೈದು ನಿಮಿಷ ಶಿಫ್ಟಿನ ಒಳಗೋ ಹೊರಗೋ? ಶಿಫ್ಟ್ ಮುಗಿಯುವ ಹೊತ್ತಿಗೆ ಕಾಲ್ ಎಳೆದರೆ ಆ ಸಮಯಕ್ಕೆ ಓವರ್‌ಟೈಮ್ ಇದೆಯೇ?

ನೈಟ್ ಸರದಿ ಎಷ್ಟು ವಾರಕ್ಕೊಮ್ಮೆ ಬದಲಾಗುತ್ತದೆ, ರೋಸ್ಟರ್ ಎಷ್ಟು ದಿನ ಮೊದಲು ಕೈಗೆ ಸಿಗುತ್ತದೆ? ನನಗೆ ಮುಖ್ಯವಾದದ್ದು ಬದಲಾವಣೆಯ ದಿನ. ಶನಿವಾರ ನಸುಕಿನಲ್ಲಿ ನೈಟ್ ಮುಗಿಸಿದವರಿಗೆ ಭಾನುವಾರ ಬೆಳಿಗ್ಗೆ 7ಕ್ಕೆ ಲಾಗಿನ್ ಹಾಕಿದರೆ ವಾರದ ರಜೆ ನಿದ್ದೆಯಲ್ಲೇ ಕಳೆಯುತ್ತದೆ. ನೈಟ್‌ನಿಂದ ಬೆಳಗಿನ ಶಿಫ್ಟಿಗೆ ಬರುವಾಗ ವಾರದ ರಜೆಯ ಹೊರತಾಗಿ ಬಿಡುವು ಕೊಡುತ್ತೀರಾ? ನೈಟ್ ಭತ್ಯೆ ಮಾಡಿದ ರಾತ್ರಿಗಳ ಲೆಕ್ಕವೋ, ಸಿಟಿಸಿಯೊಳಗೇ ಸೇರಿದೆಯೋ?

ಮಹಿಳೆಯರಿಗೆ ರಾತ್ರಿ ಕ್ಯಾಬ್ ಇದೆ ಎಂದಿರಿ. ಮನೆ ಬಾಗಿಲಿಗೋ, ಮುಖ್ಯರಸ್ತೆಯ ಪಾಯಿಂಟಿಗೋ? ಆಫೀಸಿನಿಂದ ಎಷ್ಟು ಕಿ.ಮೀ. ಒಳಗೆ? ಕೊನೆಯ ಡ್ರಾಪ್ ಮಹಿಳೆಯದಾದರೆ ಗಾರ್ಡ್ ಇರುತ್ತಾರೆಯೇ? ಕ್ಯಾಬ್ ತಡವಾದರೆ ಲೇಟ್ ಮಾರ್ಕ್ ಯಾರಿಗೆ?

ಹಾಜರಾತಿಯ ಮೂರು ದಿನವನ್ನು ವಾರವಾರವೂ ಎಣಿಸುತ್ತೀರೋ, ತಿಂಗಳಿಗೆ ಹನ್ನೆರಡು ಎಂದು ಒಟ್ಟಿಗೋ? ರಜೆ ಹಾಕಿದ ವಾರದಲ್ಲಿ ಲೆಕ್ಕ ಇಳಿಯುತ್ತದೆಯೇ? ಕಾರ್ಡ್ ಸ್ವೈಪ್ ಸಾಕೋ, ಇಷ್ಟು ಗಂಟೆ ಒಳಗಿರಬೇಕೋ? ತಿಂಗಳ ಲೆಕ್ಕವಾದರೆ ಆಫೀಸು ದಿನಗಳನ್ನು ಒಟ್ಟಿಗೆ ಮುಗಿಸಿ ಉಳಿದ ದಿನ ಶಿರಸಿಯಿಂದಲೇ ಮಾಡಬಹುದು, ಪಿಜಿ ಬಾಡಿಗೆಯೂ ಉಳಿಯುತ್ತದೆ.

ಹಾಗೆ ಮಾಡುವಾಗ ಇಲ್ಲಿನ ಮಳೆಗಾಲದ ಸಂಗತಿ ಮುಚ್ಚಿಡುವುದಿಲ್ಲ. ಮರ ಬಿದ್ದು ಕರೆಂಟು ಗಂಟೆಗಟ್ಟಲೆ ಹೋಗುತ್ತದೆ, ಕೆಲವೊಮ್ಮೆ ಫೈಬರ್ ತಂತಿಯೂ ಕಡಿಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ಫೈಬರ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್ ಇದೆ. ಎರಡೂ ಕೈಕೊಟ್ಟ ದಿನವನ್ನು ಅರ್ಧ ದಿನದ ರಜೆ ಎನ್ನುತ್ತೀರೋ, ಗೈರು ಎನ್ನುತ್ತೀರೋ? ಯಾರಿಗೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು?

ಕೊನೆಯದು, ರಜೆಪಟ್ಟಿ ಅಮೆರಿಕದ್ದಾದರೆ ದೀಪಾವಳಿಗೆ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಶಿಫ್ಟ್ ಅದಲುಬದಲು ಮಾಡಿಕೊಳ್ಳಬಹುದೇ?

ಗುರುವಾರದೊಳಗೆ ಮೇಲ್‌ನಲ್ಲೇ ಉತ್ತರಿಸಿದರೆ ಶುಕ್ರವಾರ ನನ್ನ ನಿರ್ಧಾರ ತಿಳಿಸುತ್ತೇನೆ.

ವಂದನೆಗಳೊಂದಿಗೆ,
ಸಪೋರ್ಟ್ ಹುದ್ದೆಯ ಅಭ್ಯರ್ಥಿ, ಶಿರಸಿ